ಹೊಸ್ತಿಲಾಚೆ ಬಿಟ್ಟ ಬೂಟು

ಇದನ್ನು ನೀವು ನಂಬುವುದಿಲ್ಲ, ಬರೆದಿಡಿ. ಪ್ಲಾಸ್ಟರ್ ಬಿಚ್ಚಿದ ದಿನ ಆ ಬಲಗಾಲು ನನ್ನದೆಂದು ನಾನೇ ನಂಬಲಿಲ್ಲ. ಸೊರಗಿದ ಮೂಲಂಗಿ, ಮೇಲೆ ಕರಡಿಯ ಕೂದಲು. ವಾಸನೆಗೆ ಪುಣೆಯ ಅರ್ಧ ಊರು ಮೂಗು ಮುಚ್ಚಿಕೊಂಡಿರಬೇಕು.

ಡಾಕ್ಟರು ಪಟ್ಟಿ ಬಿಗಿಯುವ ದೊಡ್ಡ ಬೂಟು ಕೊಟ್ಟರು. ಮನೆಯೊಳಗೂ ಇದನ್ನು ಹಾಕಿಕೊಂಡೇ ನಡೆಯಬೇಕು. ಬಾವು ಇಳಿದ ಮೇಲೆ ಅಗಲವಾದ, ಗಟ್ಟಿ ತಳದ ಶೂ, ಅದೂ ಮೊದಮೊದಲು ಸ್ವಲ್ಪ ಹೊತ್ತು. ಓಟದ ಶೂ ಮಾತ್ರ ಎಕ್ಸ್‌ರೇ ನೋಡಿ ತಾವು ಹೇಳಿದ ಮೇಲೆಯೇ ಎಂದರು. ನಾನು ಜಾಣನಂತೆ ತಲೆಯಾಡಿಸಿದೆ. ಶಿವಾಜಿನಗರದ ಕಾಲೇಜಿನಲ್ಲಿ ಓಟದ ಆಯ್ಕೆ ಹತ್ತಿರ ಬಂದಿತ್ತು. ಗೆದ್ದರೆ ಕ್ರೀಡಾ ಕೋಟಾದಲ್ಲಿ ಸೀಟು. ಇಲ್ಲವಾದರೆ ಅವ್ವನ ಪಕ್ಕ ಕೂತು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಆರಿಸುವುದು.

ನಮ್ಮದು ಒಂದೇ ಕೋಣೆ. ಬಾಗಿಲು ದಾಟಿದರೆ ಎದುರಿಗೇ ದೇವರ ಗೂಡು.

"ಚಪ್ಪಲಿ ಒಳಗ ತರಬ್ಯಾಡೋ," ಎಂದಳು ಅಜ್ಜಿ.

"ಅಜ್ಜಿ, ಇದು ಚಪ್ಪಲಿ ಅಲ್ಲ, ಟ್ರ್ಯಾಕ್ಟರ್."

"ಟ್ರ್ಯಾಕ್ಟರೂ ಹೊರಗ ನಿಲ್ತದ."

ಟ್ರ್ಯಾಕ್ಟರ್ ಹೊರಗೇ ನಿಂತಿತು. ನಾನು ದಿನವೆಲ್ಲ ಫರ್ಸಿ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ಕುಂಟಿದೆ. ಸಂಜೆ ಅವ್ವ ಬರುವ ಹೊತ್ತಿಗೆ, ಅವಳಿಗೆ ತಿಳಿಯದಂತೆ, ಕಾಲು ದಿಂಬಿನ ಮೇಲೆ, ಚಾದರದೊಳಗೆ.

ಆಯ್ಕೆಯ ಹಿಂದಿನ ದಿನ ಗೆಳೆಯ ಬಂದ. ಅವನೂ ಓಡುವವನೇ, ಹರಿದ ಶೂನಲ್ಲಿ. ಅವನಿಗೆ ತೋರಿಸಲೆಂದೇ ನಾನು ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಿ, ಅವ್ವ ಕೊಡಿಸಿದ ಓಟದ ಶೂನೊಳಗೆ ಕಾಲು ತುರುಕಿದೆ.

"ಓಡ್ತೀಯೇನಲೇ?"

"ಓಡೂದೇನು, ಹಾರ್ತೀನಿ!"

ಒಲೆಯವರೆಗೆ ಹಾರಿದೆ. ಕಾಲೊಳಗೆ ಏನೋ ಚುರ್ ಎಂದಿತು. ನಕ್ಕೆ. ಬಿಚ್ಚಹೋದರೆ ಶೂ ಬರಲೇ ಇಲ್ಲ. ಗೆಳೆಯ ಶೂ ಎಳೆದ, ಅಜ್ಜಿ ಗೆಳೆಯನ ಸೊಂಟ ಎಳೆದಳು. ಕಣ್ಣಲ್ಲಿ ನೀರು ಬಂತು, ನಗುವಿನದೇ ಎಂದು ಅವರಿಗೆ ಹೇಳಿದೆ.

ಅಷ್ಟರಲ್ಲಿ ಅವ್ವ ಒಳಗೆ ಬಂದಳು.

ಈರುಳ್ಳಿ ಹೆಚ್ಚುವ ಚಾಕುವಿನಿಂದ ಲೇಸು ಕೊಯ್ದು ಶೂ ಬಿಡಿಸಿದಳು. ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಬಾವಿನಲ್ಲಿ ಬೆರಳಿನ ಗುಳಿ ಹಾಗೇ ನಿಂತಿತು. ನಾವೆಲ್ಲ ಅದನ್ನೇ ನೋಡಿದೆವು.

"ಬೂಟ್ ಎಲ್ಲದ?"

ಅಜ್ಜಿ ಬಾಗಿಲ ಕಡೆ ನೋಡಿದಳು. ಅವ್ವ ಹೋಗಿ ಬೂಟು ತಂದು, ದೇವರ ಮುಂದೆಯೇ ಕೂತು ನನ್ನ ಕಾಲಿಗೆ ಪಟ್ಟಿ ಬಿಗಿದಳು.

"ಕಾಲೇ ಹೋದರ ಇಂವಾ ಹೊಸ್ತಿಲಾ ಹ್ಯಾಂಗ ದಾಟ್ತಾನ್ರಿ, ಅತ್ತಿ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮುಂಜಾನೆ ದವಾಖಾನಿಗೆ ಹೋಗೂಣು," ಎಂದಳು ಅವ್ವ ನನಗೆ. ಆಮೇಲೆ ಶೂಗಳನ್ನೆತ್ತಿ ಗೆಳೆಯನ ಕಡೆ ಚಾಚಿದಳು. "ನಿನಗ ಆಗ್ತಾವೇನಪ್ಪಾ? ಲೇಸ್ ಅಷ್ಟ ಹೊಸಾದು ಹಾಕ್ಕೋ."

ಅವನು ನನ್ನ ಮುಖ ನೋಡಲಿಲ್ಲ. ಶೂ ಕೈಯಲ್ಲೇ ಹಿಡಿದು ಹೊಸ್ತಿಲು ದಾಟಿದ. ಹೊರಗೆ ಕೂತು ಹಾಕಿಕೊಂಡ.