ಬೀಗ ಹಾಕಿದ ಮನೆಯ ಪಟ್ಟಿ

ನನ್ನ ಅಕ್ಕನ ಗಂಡ ಆಳಂದದಲ್ಲಿ ದರ್ಜಿಯಾಗಿದ್ದರು. ಒಂದು ಬೇಸಿಗೆಯ ಬೆಳಿಗ್ಗೆ ಅಸ್ತರದ ಬಟ್ಟೆ, ಗುಂಡಿ ತರುತ್ತೇನೆಂದು ಹೇಳಿ ಸೋಲಾಪುರದ ಬಸ್ಸು ಹತ್ತಿದವರು ತಿರುಗಿ ಬರಲಿಲ್ಲ. ನಮ್ಮ ಅಪ್ಪ ಸೋಲಾಪುರದ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿ ಬಂದ. ಅಕ್ಕ ಪೊಲೀಸ್ ಠಾಣೆಯಲ್ಲಿ ಫಿರ್ಯಾದು ಬರೆಸಿದಳು. ಯಾವ ಸುದ್ದಿಯೂ ಸಿಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಅವಳನ್ನೂ ಅವಳ ಸಣ್ಣ ಮಗಳನ್ನೂ ನಮ್ಮೂರು ಮಟಕಿಗೆ ಕರೆದುಕೊಂಡು ಬಂದ. ಆಳಂದದ ಮನೆಗೆ ಬೀಗ ಬಿತ್ತು.

ಕೆಲವು ವರ್ಷ ಅಕ್ಕ ತವರಿನಲ್ಲೇ ಇದ್ದಳು. ಆಮೇಲೆ, ಎಂಬತ್ತರ ದಶಕದ ಕೊನೆಗೆ, ನನಗೆ ಆಳಂದದ ಕನ್ನಡ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ಒಂದು ದಿನ ಅಕ್ಕ, "ಮಗಳನ್ನ ಕರ್ಕೊಂಡು ನಾನೂ ಬರ್ತೇನಿ. ಅವರ ಮಷೀನ್ ಅದ, ಹೊಲಿಗಿ ನನಗೂ ಬರ್ತದ. ತವರಾಗ ಎಷ್ಟಂತ ಕೂಡ್ಲಿ?" ಎಂದಳು. ಅಪ್ಪ ಬೇಡ ಎನ್ನಲಿಲ್ಲ.

ನಾವು ಬೀಗ ತೆಗೆಯಲು ಹೋದಾಗ ಬಾಗಿಲಿಗೆ ಒಂದರ ಮೇಲೊಂದು ಕಾಗದ ಅಂಟಿಸಿತ್ತು. ಕೆಳಗಿನವು ಬಿಸಿಲಿಗೆ ಹಳದಿಯಾಗಿ ಹರಿದುಹೋಗಿದ್ದವು. ಮೇಲಿನದನ್ನು ಓದಬಹುದಿತ್ತು. ಪುರಸಭೆಯ ನೋಟೀಸು. ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಬಾಕಿ, ಅದರ ಮೇಲೆ ದಂಡ, ಕಟ್ಟದಿದ್ದರೆ ಮನೆಯ ಸಾಮಾನು ಜಪ್ತಿ. ಹೆಸರು ಭಾವನದು. ಅಕ್ಕ ಆ ಹೆಸರಿನ ಮೇಲೆ ಬೆರಳಿಟ್ಟಳು. ಆಮೇಲೆ, "ಮಷೀನ್ ಒಯ್ದರ ನಾ ಏನ್ ಮಾಡ್ಲಿ?" ಎಂದು ಕೇಳಿದಳು.

ಮರುದಿನ ಪುರಸಭೆಗೆ ಹೋದೆವು. ಕಂದಾಯ ಶಾಖೆಯ ಗುಮಾಸ್ತರು ವಯಸ್ಸಾದವರು, ಒಳ್ಳೆಯವರು. ಭಾವ ಹೊಲಿದ ಅಂಗಿಗಳನ್ನು ತೊಟ್ಟವರು. ಅಕ್ಕನನ್ನು ಕೂಡಿಸಿ ನೀರು ತರಿಸಿದರು.

"ಅಕ್ಕಾರ, ಪಟ್ಟಿ ಅಂತೂ ತುಂಬಬೇಕು ನೋಡ್ರಿ. ಅದನ್ನ ಯಾರೂ ಬಿಡಂಗಿಲ್ಲ. ದಂಡದ ಮಾಫಿಗೆ ಅರ್ಜಿ ಕೊಡ್ರಿ."

"ಮನಿಗಿ ಬೀಗ ಇತ್ರಿ ಅಣ್ಣಾರ. ನೋಟೀಸು ನನ್ನ ಕೈಗಿ ಬರಲೇ ಇಲ್ಲ."

"ಮನ್ಯಾಗ ಯಾರೂ ಇಲ್ಲಂದ್ರ ಬಾಗಲಕ್ಕ ಹಚ್ಚಿದ್ರ ಮುಗೀತ್ರಿ, ಮುಟ್ಟಿಸಿದಂಗ. ಮನಿ ಖಾಲಿ ಅದ ಅಂತ ಆವಾಗ್ಗ ಬರದು ಕೊಟ್ಟಿದ್ರ ಏನರೆ ರಿಯಾಯ್ತಿ ಸಿಗ್ತಿತ್ತು."

ಗಂಡ ಮನೆಗೆ ಬಾರದ ದಿನಗಳಲ್ಲಿ ಪುರಸಭೆಗೆ ಬಂದು ಮನೆ ಖಾಲಿ ಇದೆ ಎಂದು ಬರೆದುಕೊಡುವ ಎಚ್ಚರ ಯಾರಿಗಿದ್ದೀತು? ಆದರೆ ಅವರು ಹೇಳಿದ್ದು ಕಾಯಿದೆ.

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಂದ್ ಮಾತ ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅರ್ಜಿದಾಗ ನಿಮ್ಮ ಯಜಮಾನ್ರು ತೀರಿಕೊಂಡಾರ ಅಂತ ಬರೀರಿ. ವಿಧವಾ ಅಂದ್ರ ಮೆಂಬರ್ ಮಂದಿ ಮಾತಿಲ್ಲದ ಒಪ್ತಾರ. ನಿಮ್ಮ ವಾರ್ಡಿನ ಮೆಂಬರ್ ಹಂಗಂತ ಒಂದು ದಾಖಲಾ ಕೊಡ್ತಾರ, ನಾ ಕೇಳ್ತೇನಿ."

ಅಕ್ಕನ ಹಣೆಯ ಮೇಲೆ ಕುಂಕುಮವಿತ್ತು. ಕೈತುಂಬ ಹಸಿರು ಬಳೆಗಳಿದ್ದವು. ಅವಳು ಸಿಟ್ಟಾಗಲಿಲ್ಲ.

"ಅಣ್ಣಾರ, ನೀವು ನನ್ನ ಛಲೋಕ್ಕಂತನ ಹೇಳಾಕತ್ತೀರಿ. ಆದ್ರ ನನಗ ಗೊತ್ತಿಲ್ಲದ್ದು ಹೆಂಗ ಬರೀಲಿ? ಅವರು ಇದ್ದಾರೋ ಇಲ್ಲೋ ಆ ಶಿವಗ ಗೊತ್ತು."

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಆ ಮಾತು ಎತ್ತಲಿಲ್ಲ.

ಅರ್ಜಿ ನಾನೇ ಬರೆದೆ. ಮನೆಯ ಯಜಮಾನರು ಊರಿಗೆ ಹೋದವರು ಮರಳಿಲ್ಲ, ಎಲ್ಲಿದ್ದಾರೆ ತಿಳಿದಿಲ್ಲ, ಹೆಂಡತಿ ತವರಿನಲ್ಲಿದ್ದುದರಿಂದ ಪಟ್ಟಿ ಕಟ್ಟಲಾಗಲಿಲ್ಲ ಎಂದಷ್ಟೇ. ಪೊಲೀಸರಿಗೆ ಕೊಟ್ಟ ಫಿರ್ಯಾದಿನ ನಕಲು ಲಗತ್ತಿಸಿದೆ. ಮುಖ್ಯಾಧಿಕಾರಿಗಳು ಓದಿ, ದಂಡ ಬಿಡುವುದು ತಮ್ಮ ಕೈಯಲ್ಲಿಲ್ಲ, ಸಾಮಾನ್ಯ ಸಭೆಯ ಮುಂದಿಡುತ್ತೇನೆ, ಅಲ್ಲಿ ನಿರ್ಣಯವಾಗಿ ಠರಾವು ಬಂದರೂ ಗುಲ್ಬರ್ಗದ ಜಿಲ್ಲಾಧಿಕಾರಿಗಳ ಒಪ್ಪಿಗೆ ಬೇಕು ಎಂದರು. "ಅಷ್ಟರಾಗ ಅಸಲು ತುಂಬಿಬಿಡ್ರಿ. ಅರ್ಜಿ ಮುಗಿಯೋತನ ಜಪ್ತಿಗೆ ಯಾರನ್ನೂ ಕಳಸಂಗಿಲ್ಲ," ಎಂದೂ ಹೇಳಿದರು. ಅಕ್ಕ ಕಿವಿಯ ಓಲೆ ಅಡವಿಟ್ಟು ಅಸಲು ಕಟ್ಟಿದಳು.

ಸಭೆಯ ದಿನ ನಾವು ಹಿಂದಿನ ಬೆಂಚಿನ ಮೇಲೆ ಕೂತೆವು. ನಲ್ಲಿ ನೀರು, ಗಟಾರ, ಬೀದಿ ದೀಪ ಎಲ್ಲ ಮುಗಿದ ಮೇಲೆ ಮುಖ್ಯಾಧಿಕಾರಿಗಳು ಅಕ್ಕನ ಅರ್ಜಿ ಓದಿದರು. ನಮ್ಮ ವಾರ್ಡಿನ ಮೆಂಬರ್, ದಂಡ ಬಿಡಬೇಕು ಎಂದರು. ಆಗ ಕಿರಾಣಿ ಅಂಗಡಿಯ ಒಬ್ಬ ಮೆಂಬರ್ ಎದ್ದು ನಿಂತರು.

"ಬೀಗ ಹಾಕ್ಕೊಂಡು ಹೋದವರಿಗೆಲ್ಲ ಮಾಫಿ ಅಂದ್ರ ನಾಳೆ ಪಟ್ಟಿ ಯಾರು ತುಂಬ್ತಾರ್ರಿ? ಮತ್ತ, ಆ ಮನುಷ್ಯಾ ಸತ್ತಿಲ್ಲ. ಸೋಲಾಪುರದಾಗ ಇನ್ನೊಂದು ಸಂಸಾರ ಮಾಡ್ಯಾನ ಅಂತ ಊರೇ ಮಾತಾಡಾಕತ್ತದ. ಅವನ ದಂಡ ನಾವ್ಯಾಕ ಬಿಡಬೇಕು?"

ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಅಪ್ಪನಿಗೂ ಗೊತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ಅಕ್ಕನ ಎದುರು ಆಡಿರಲಿಲ್ಲ. ನಾನು ಅವಳ ಕೈ ಹಿಡಿಯಹೋದೆ. ಅವಳು ಕೈ ಬಿಡಿಸಿಕೊಂಡು, ಸೆರಗು ಹೊದ್ದು ಎದ್ದು ನಿಂತಳು.

"ಅಧ್ಯಕ್ಷರ, ನಾ ಒಂದ್ ಮಾತ ಆಡ್ಲೇನ್ರಿ?"

ಅಧ್ಯಕ್ಷರು ತಲೆಯಾಡಿಸಿದರು.

"ಇವರು ಹೇಳಿದ್ದು ಖರೇ ಇದ್ರೂ ಇರಬಹುದು. ನನಗ ಗೊತ್ತಿಲ್ರಿ. ಯಾರರೆ ನೋಡಿದ್ರ ನನಗ ಹೇಳ್ರಿ, ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ. ಆದ್ರ ಅರ್ಜಿ ಅವರದಲ್ಲ, ನಂದು. ಆ ಮನ್ಯಾಗ ಇರಾಕಿ ನಾ, ತುಂಬಾಕಿನೂ ನಾ. ಅಸಲು ತುಂಬೇನಿ. ದಂಡ ಬಿಟ್ರ ಉಪಕಾರ. ಬಿಡದಿದ್ರ ಸ್ವಲ್ಪ ಸ್ವಲ್ಪ ತುಂಬ್ತೇನಿ. ಮಷೀನ್ ಮಾತ್ರ ಒಯ್ಯಬ್ಯಾಡ್ರಿ."

ಮಾಫಿಗೆ ಶಿಫಾರಸು ಮಾಡಿ ಠರಾವು ಆಯಿತು. ಕೈ ಎತ್ತಿದವರಲ್ಲಿ ಕಿರಾಣಿ ಅಂಗಡಿಯವರೂ ಇದ್ದರು.

ಹೊರಗೆ ಬಂದ ಮೇಲೆ ಅಕ್ಕ ಪುರಸಭೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಭಾವ ಹೋದಾಗಿನಿಂದ ನಾನು ಅವಳು ಅತ್ತದ್ದನ್ನು ನೋಡಿರಲಿಲ್ಲ. "ನಿನಗೂ ಗೊತ್ತಿತ್ತೇನ?" ಎಂದು ಕೇಳಿದಳು. ಹೌದೆಂದೆ. "ಹೇಳಬೇಕಿತ್ತ ಬೇ. ಒಬ್ಬಾಕೀನ ಇಟ್ಕೊಂಡಿದ್ದೆ ಆ ಮಾತು." ಆಗಷ್ಟೇ ನನಗೆ ಹೊಳೆಯಿತು, ನಾವು ಅವಳಿಂದ ಮುಚ್ಚಿಟ್ಟದ್ದನ್ನೇ ಅವಳೂ ನಮ್ಮಿಂದ ಮುಚ್ಚಿಟ್ಟಿದ್ದಳು.

ಗುಲ್ಬರ್ಗದಿಂದ ಉತ್ತರ ಬರಲು ಬಹಳ ತಡವಾಯಿತು. ಮನೆ ಖಾಲಿ ಇರುವುದನ್ನು ಮುಂಚಿತವಾಗಿ ಲಿಖಿತವಾಗಿ ತಿಳಿಸಿಲ್ಲವಾದ್ದರಿಂದ ದಂಡ ಮನ್ನಾ ಮಾಡಲು ಒಪ್ಪಿಗೆ ಇಲ್ಲ ಎಂದು ಬಂತು. ಅದನ್ನು ಓದಿ ಹೇಳುವಾಗ ಗುಮಾಸ್ತರು ನಮ್ಮ ಮುಖ ನೋಡಲಿಲ್ಲ. ಕಂತಿನಲ್ಲಿ ಕಟ್ಟಲು ಮುಖ್ಯಾಧಿಕಾರಿಗಳಿಂದ ಅವಕಾಶ ಕೊಡಿಸಿದರು.

ಅಕ್ಕ ಕಟ್ಟಿದಳು. ಕುಪ್ಪಸ, ಲಂಗ, ಶಾಲೆ ಮಕ್ಕಳ ಸಮವಸ್ತ್ರ ಹೊಲಿದಳು. ಕಿರಾಣಿ ಅಂಗಡಿಯವರ ಮನೆಯಿಂದಲೂ ಬಟ್ಟೆ ಬಂದವು. ತರಲು ಅವರ ಹೆಂಡತಿಯೇ ಬರುತ್ತಿದ್ದರು, ಅಳತೆ ಕೊಟ್ಟಾದ ಮೇಲೂ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು.

ಕೊನೆಯ ಕಂತು ಕಟ್ಟಿದ ದಿನ ಅಕ್ಕ ಗುಮಾಸ್ತರಿಗೆ ಇನ್ನೊಂದು ಅರ್ಜಿ ಕೊಟ್ಟಳು. ಈ ಸಲ ಬರೆದದ್ದು ಅವಳೇ. ಪುರಸಭೆಯ ದಾಖಲೆಯಲ್ಲಿ ಮಾಲೀಕರ ಹೆಸರು ಹಾಗೇ ಇರಲಿ, ವಾಸ ಇರುವವರ ಕಾಲಂನಲ್ಲಿ ತನ್ನ ಹೆಸರು ಬರೆಯಬೇಕು ಎಂದು.

"ಇದಕ್ಕ ಗುಲ್ಬರ್ಗಾ ತನ ಹೋಗೋದಿಲ್ರಿ ಅಕ್ಕಾರ," ಎಂದರು ಗುಮಾಸ್ತರು. "ಇಲ್ಲೇ ಆಗ್ತದ."

ಮುಂದಿನ ಏಪ್ರಿಲ್ ಕಳೆದ ಮೇಲೆ ಕರವಸೂಲಿಗಾರ ಬಿಲ್ಲು ತಂದು ಹೊಸ್ತಿಲ ಬಳಿ ನಿಂತು ಅಕ್ಕನ ಹೆಸರು ಹಿಡಿದು ಕೂಗಿದ. ಅಕ್ಕ ಮಷೀನ್ ನಿಲ್ಲಿಸಿ, ಹೊರಗೆ ಹೋಗಿ, ಸಹಿ ಮಾಡಿ ತೆಗೆದುಕೊಂಡಳು.