ಸಾಹೇಬರ ಹೆಸರಿಲ್ಲದ ಉತ್ತರ

ಮೂಗಯ್ಯನವರು ಕಂಪ್ಯೂಟರಿನ ಮುಂದೆ ಕೂರುವ ಮೊದಲು ಕೈ ತೊಳೆದುಕೊಳ್ಳುತ್ತಿದ್ದರು. ಗುಂಡ್ಲುಪೇಟೆಯ ಆ ಶೆಡ್ಡಿನಲ್ಲಿ ಮೊಣಕಾಲುದ್ದ ಚೆಂಡುಹೂವಿನ ರಾಶಿ. ಇಡೀ ದಿನ ಅದರಲ್ಲಿ ಕೈಯಾಡಿಸಿ ಬೆರಳೆಲ್ಲ ಹಳದಿ. ತೊಳೆದರೂ ಹೋಗುತ್ತಿರಲಿಲ್ಲ ಅನ್ನಿ, ಆದರೂ ತೊಳೆಯುತ್ತಿದ್ದರು. ಆಮೇಲೆ ಒಂದೇ ಬೆರಳಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದರು.

ಅದು ೨೦೦೬. ನಮ್ಮದು ಚೆಂಡುಹೂವಿನಿಂದ ಬಣ್ಣ ತೆಗೆಯುವ ಕಂಪನಿ. ರೈತರಿಂದ ಹೂ ಕೊಳ್ಳಲು ಒಂಬತ್ತು ಸೆಂಟರುಗಳು, ಗುಂಡ್ಲುಪೇಟೆಯದು ಮೂಗಯ್ಯನವರ ಉಸ್ತುವಾರಿ. ನಾನು ಚಾಮರಾಜನಗರದ ಆಫೀಸಿನಲ್ಲಿ ಕೂತು, ಯಾವ ಸೆಂಟರಿಗೆ ಯಾವ ದಿನ ಲಾರಿ ಹೋಗಬೇಕು ಅಂತ ಪಟ್ಟಿ ಮಾಡುವವಳು. ಪಟ್ಟಿ ಸೆಂಟರುಗಳಿಗೆ ಇ-ಮೇಲಿನಲ್ಲಿ ಹೋಗುತ್ತಿತ್ತು, ಲಾರಿ ಏಜೆಂಟನಿಗೆ ನನ್ನ ಸಹಿ ಹಾಕಿದ ಚೀಟಿ. ನಮ್ಮಿಬ್ಬರ ಮೇಲೆ ಮ್ಯಾನೇಜರ್ ಗಂಗಾಧರಸ್ವಾಮಿ. ಅವರು ಇರುತ್ತಿದ್ದದ್ದು ಮೈಸೂರಿನಲ್ಲಿ, ನಮ್ಮನ್ನೆಲ್ಲ ಅಳೆಯುತ್ತಿದ್ದದ್ದು ಮೇಲ್‌ಗಳಲ್ಲಿ.

ಮೂಗಯ್ಯನವರಿಗೆ ಆಗ ಐವತ್ತೆರಡು. ಅದಕ್ಕೆ ಮುಂಚೆ ಹದಿನೆಂಟು ವರ್ಷ ಒಂದು ರೇಷ್ಮೆ ಸೊಸೈಟಿಯಲ್ಲಿ ದುಡಿದು, ಕಾಯಂ ಆಗದೆಯೇ ಹೊರಬಂದವರು. ನಮ್ಮಲ್ಲೂ ವರ್ಷ ವರ್ಷದ ಕರಾರು. ಆದರೆ ಆ ಸಲ ದಸರಾ ಮುಗಿದ ಮೇಲೆ ಇಬ್ಬರನ್ನು ಕಾಯಂ ಮಾಡುವ ಮಾತಿತ್ತು, ಮೊದಲ ಹೆಸರು ಅವರದೇ. ಅವರ ಹೆಂಡತಿ ಮಂಚಮ್ಮನವರು ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆಯನ್ನೂ ಹೊತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪಟ್ಟಿಯಲ್ಲಿ ವಾರಕ್ಕೂ ತಾರೀಕಿಗೂ ತಾಳೆಯಾಗದ ಹಾಗೆ ಬರೆದುಬಿಟ್ಟಿದ್ದೆ. ಇನ್ನೊಂದು ಸೆಂಟರಿನ ರಂಗಸ್ವಾಮಿ ಅನ್ನೋ ಪುಣ್ಯಾತ್ಮ ಅದಕ್ಕೆ ‘ರಿಪ್ಲೈ ಆಲ್’ ಒತ್ತಿ, “ಮೇಡಂ ಅವರ ಕ್ಯಾಲೆಂಡರ್ ಯಾವ ಊರಿನದು?” ಅಂತ ಒಂಬತ್ತು ಸೆಂಟರಿಗೂ ಮ್ಯಾನೇಜರಿಗೂ ಕಳಿಸಿದ. ಮಾತು ನಿಜವೇ. ಅದನ್ನು ನನಗೊಬ್ಬಳಿಗೇ ಬರೆದಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಹತ್ತು ಜನ ಓದಿದರು ಅಂದಾಗ ಬಾತ್‌ರೂಮಿಗೆ ಹೋಗಿ ಅತ್ತೆ.

ಅವತ್ತು ಸಂಜೆ ಮೂಗಯ್ಯನವರು ಫೋನ್ ಮಾಡಿದರು. “ನಾನೂ ಬೆಳಿಗ್ಗೇನೆ ನೋಡ್ದೆ ಕಣಮ್ಮಿ. ನಿಂಗೊಬ್ಳಿಗೆ ಯೋಳನ ಅಂತ ಬರೀತಾ ಕುಂತಿದ್ದೆ, ನನ್ ಬೆರಳು ನಿಧಾನ. ಅಷ್ಟೊತ್ಗೆ ಅವ್ನು ಡಂಗೂರ ಸಾರ್‌ಬುಟ್ಟ. ಓಗ್ಲಿ ಬುಡು, ಯಾರ್ ತಪ್ ಮಾಡಲ್ಲ?” ಅಂದರು. ಆಮೇಲೂ ನನ್ನ ಪಟ್ಟಿಯಲ್ಲಿ ಏನು ತಪ್ಪು ಕಂಡರೂ ಅವರ ಉತ್ತರ ನನಗೊಬ್ಬಳಿಗೇ ಬರುತ್ತಿತ್ತು. ನಾನು ತಿದ್ದಿ ಎಲ್ಲರಿಗೂ ಕಳಿಸುತ್ತಿದ್ದೆ, ಜಾಣೆ ಅನ್ನಿಸಿಕೊಳ್ಳುತ್ತಿದ್ದೆ.

ಸೆಪ್ಟೆಂಬರಿನಲ್ಲಿ ನನ್ನನ್ನು ಎರಡು ದಿನ ಮೈಸೂರಿಗೆ ತರಬೇತಿಗೆ ಕಳಿಸಿದರು. ಊಟದ ಹೊತ್ತಿನಲ್ಲಿ ಅನುಭವಸ್ಥಳೊಬ್ಬಳು ಉಪದೇಶ ಮಾಡಿದಳು: “ಏನೇ ಬರೆದರೂ ಸಿಸಿಯಲ್ಲಿ ಮ್ಯಾನೇಜರ್‌ನ ಹಾಕು. ಒಂದು ಪ್ರತಿ ಅವರ ಹತ್ತಿರ ಇದ್ದರೆ ನಾಳೆ ನಿನ್ನ ಮೇಲೆ ಏನೂ ಬರಲ್ಲ.” ದೊಡ್ಡ ಮಂತ್ರ ಸಿಕ್ಕಿತು ಅಂತ ಬೀಗಿಕೊಂಡು ಬಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಬಂದು ನೋಡಿದರೆ ಕಾರ್ಖಾನೆಯಿಂದ ದೂರು. ಗುಂಡ್ಲುಪೇಟೆಗೆ ಮಂಗಳವಾರ ಲಾರಿ ಅಂತ ಪಟ್ಟಿಯಲ್ಲಿತ್ತು, ಹೂವು ಬಂದದ್ದು ಗುರುವಾರ. ಎರಡು ದಿನ ಮಳೆಯ ತೇವದಲ್ಲಿ ರಾಶಿಯಾಗಿ ಬಿದ್ದು ಕಪ್ಪಾಗಿ, ಇಡೀ ಲೋಡು ವಾಪಸು. ನಾನು ಹಿಂದೆಮುಂದೆ ನೋಡದೆ ಮೂಗಯ್ಯನವರಿಗೆ ಬರೆದೆ: “ಮಂಗಳವಾರದ ಲೋಡು ಯಾಕೆ ಹೋಗಲಿಲ್ಲ? ಇಂದೇ ತಿಳಿಸಿ.” ಸಿಸಿಯಲ್ಲಿ ಗಂಗಾಧರಸ್ವಾಮಿ. ಕಳಿಸಿ ಕಾಫಿಗೆ ಎದ್ದೆ.

ಆ ಒಂದು ಹೆಸರು ಇಲ್ಲದಿದ್ದರೆ ಅದು ಪ್ರಶ್ನೆ. ಮೂಗಯ್ಯನವರು ಏನಾಯಿತು ಅಂತ ಹೇಳುತ್ತಿದ್ದರು, ಇಬ್ಬರೂ ಸೇರಿ ನೋಡುತ್ತಿದ್ದೆವು, ಆಮೇಲೆ ಮ್ಯಾನೇಜರಿಗೆ ತಿಳಿಸಬಹುದಿತ್ತು. ಲೋಡು ಹಾಳಾದದ್ದು ಅವರಿಗೆ ತಿಳಿಯಲೇಬೇಕಾದ ವಿಷಯವೇ. ಮೊದಲ ಮೇಲಿಗೇ ಅವರನ್ನು ಸೇರಿಸಿದ್ದರಿಂದ ಅದೇ ಎರಡು ಸಾಲು ಚಾಡಿಯಾಯಿತು.

ಸಂಜೆ ಉತ್ತರ ಬಂತು. “ಪವಿತ್ರಮ್ಮ, ಲಾರಿ ಚೀಟಿ ಏಜೆಂಟ್ ಹತ್ರ ಈಸ್ಕಂಡಿವ್ನಿ. ಅದ್ರಲ್ಲಿ ಗುರುವಾರ ಅಂತ ನೀನೇ ಬರ್ದಿದ್ದೀಯ. ಮಂಗಳವಾರ ಆಪೀಸ್ಗೆ ಪೋನ್ ಮಾಡ್ದೆ, ನೀ ಮೈಸೂರ್ಗೆ ಓಗಿದ್ದೀಯ ಅಂದ್ರು. ಬ್ಯಾರೆ ಲಾರಿ ಸಿಕ್ನಿಲ್ಲ. ಸೊಸೈಟಿಲಿ ಮೇಲಿನೋರ್ಗೆ ಪ್ರತಿ ಓಯ್ತು ಅಂದ್ರೆ ಆ ಮನ್ಸನ ಕತೆ ಮುಗೀತು ಅಂತ್ಲೇ ಲೆಕ್ಕ. ಅದ್ಕೆ ಈ ಉತ್ರದಲ್ಲಿ ಸಾಹೇಬ್ರ ಹೆಸ್ರು ತೆಗ್ದಿವ್ನಿ. ನೀನೇ ಅವ್ರಿಗೆ ಸರಿಮಾಡಿ ಬರಿ.”

ಮೇಲಿನ ಸಾಲು ನೋಡಿದೆ. ಇದ್ದದ್ದು ನನ್ನೊಬ್ಬಳ ಹೆಸರು. ‘ರಿಪ್ಲೈ ಆಲ್’ ಒತ್ತಿದ್ದರೆ ಅವರ ತಲೆ ಮೇಲಿನ ಭಾರ ನನ್ನ ತಲೆಗೆ ಬರುತ್ತಿತ್ತು. ಒತ್ತಲಿಲ್ಲ. ಚೀಟಿಯ ನಕಲು ತೆಗೆದು ನೋಡಿದೆ. ಗುರುವಾರ. ನನ್ನದೇ ಅಕ್ಷರ.

ಮ್ಯಾನೇಜರಿಗೆ ಬರೆಯಲು ಕೂತೆ. “ಸರ್, ತಪ್ಪು ನನ್ನದು” ಅಂತ ಎರಡು ಸಾಲು ಟೈಪ್ ಮಾಡಿದೆ. ನಾನಿನ್ನೂ ವರ್ಷ ತುಂಬದವಳು, ತೆಗೆದುಹಾಕಿದರೆ? ನಾಳೆ ಕಳಿಸೋಣ ಅಂತ ಡ್ರಾಫ್ಟಿನಲ್ಲಿ ಇಟ್ಟೆ. ನಾಳೆಯೂ ಆಯಿತು, ನಾಡಿದ್ದೂ ಆಯಿತು. ನಾಲ್ಕನೆಯ ದಿನ ಗಂಗಾಧರಸ್ವಾಮಿಯವರೇ ಫೋನ್ ಮಾಡಿದರು.

“ಏನಮ್ಮ, ಆ ಮೂಗಯ್ಯ ನಿಮ್ಮ ಮೇಲಿಗೆ ಉತ್ತರವನ್ನೇ ಕೊಟ್ಟಿಲ್ಲವಲ್ಲ. ಕೊಡೋಕೆ ಉತ್ತರ ಇರಬೇಕಲ್ಲ, ಬಿಡಿ.”

ಅವರ ಮೇಲ್ ಪೆಟ್ಟಿಗೆಯಲ್ಲಿ ಇದ್ದದ್ದು ನನ್ನ ಪ್ರಶ್ನೆ ಮಾತ್ರ. ಉತ್ತರ ನನ್ನ ಹತ್ತಿರ ಇತ್ತು. ನಾನು, “ನೋಡ್ತೀನಿ ಸರ್” ಅಂದೆ. ಆ ಎರಡು ಪದ ಇವತ್ತಿಗೂ ನನ್ನನ್ನು ತಿನ್ನುತ್ತವೆ.

ದಸರಾ ಮುಗಿದು ಪಟ್ಟಿ ಬಂತು. ಇಬ್ಬರು ಕಾಯಂ, ಮೂಗಯ್ಯನವರ ಹೆಸರಿಲ್ಲ. ಕರಾರೂ ಮುಂದುವರಿಸಿರಲಿಲ್ಲ. ಅವತ್ತು ನನ್ನ ಕೈಗೆ ಧೈರ್ಯ ಬಂತು ನೋಡಿ! ಮೂಗಯ್ಯನವರ ಉತ್ತರವನ್ನು ಮ್ಯಾನೇಜರಿಗೆ ಫಾರ್ವರ್ಡ್ ಮಾಡಿ, ತಪ್ಪು ನನ್ನದು ಅಂತ ಬರೆದೆ. ವಾಪಸು ಒಂದೇ ಸಾಲು: “ಆರ್ಡರ್ ಹೋಗಿಯಾಯಿತು. ಮುಂದೆ ಹುಷಾರಾಗಿರಿ.” ಅದರಲ್ಲಿ ಸಿಸಿ ಯಾರೂ ಇರಲಿಲ್ಲ. ನನ್ನ ತಪ್ಪು ನಾಲ್ಕು ಗೋಡೆಯೊಳಗೇ ಉಳಿಯಿತು.

ಭಾನುವಾರ ಬಸ್ ಹತ್ತಿ ಗುಂಡ್ಲುಪೇಟೆಗೆ ಹೋದೆ. ಮೂಗಯ್ಯನವರು ಈರುಳ್ಳಿ ಮಂಡಿಯೊಂದರಲ್ಲಿ ಮೂಟೆ ಎಣಿಸುವ ಕೆಲಸ ಹಿಡಿದಿದ್ದರು. ಬೆರಳಿನ ಹಳದಿ ಹೋಗಿತ್ತು. ನನ್ನನ್ನು ಕಂಡು ಮುಖ ಅರಳಿಸಿ ಮನೆಗೆ ಕರೆದುಕೊಂಡು ಹೋದರು. ಮಂಚಮ್ಮನವರು ಚಾಪೆ ಹಾಸಿ ಕಾಫಿ ತಂದಿಟ್ಟರು.

ನಾನು ಬಾಯಿ ತೆರೆಯುವ ಮುಂಚೆ ಮೂಗಯ್ಯನವರೇ ಸಮಾಧಾನ ಹೇಳಿದರು. “ನೀ ಯಾಕೆ ಮುಖ ಸಣ್ಣ ಮಾಡ್ಕಂಡಿದ್ದೀಯ ಕಣಮ್ಮಿ? ನೀ ಅವತ್ತೇ ಬರ್ದಿರ್ತೀಯ, ನಂಗೊತ್ತಿಲ್ವ? ಸಾಹೇಬ್ರು ಓದಿಯೂ ಮನ್ಸು ಮಾಡ್ನಿಲ್ಲ, ಅಷ್ಟೆ.” ಹೆಂಡತಿಯ ಕಡೆ ತಿರುಗಿ, “ಈ ಮಗೀಗೆ ಯೋಳು, ಅವ್ಳದೇನೂ ತಪ್ಪಿಲ್ಲ ಅಂತ,” ಅಂದರು.

ಸುಮ್ಮನೆ ಕಾಫಿ ಕುಡಿದು ಎದ್ದುಬರಬಹುದಿತ್ತು. ಆಗಲಿಲ್ಲ.

“ನಾನು ಬರೀಲಿಲ್ಲ ಮೂಗಯ್ಯನೋರೆ. ಪಟ್ಟಿ ಬಂದ ಮೇಲೆ ಬರೆದೆ. ನಿಮ್ಮ ಉತ್ತರವನ್ನ ಅಲ್ಲೀವರೆಗೂ ನನ್ನ ಹತ್ರಾನೇ ಇಟ್ಕೊಂಡಿದ್ದೆ.”

ಮಂಚಮ್ಮನವರು ಎದ್ದು ಒಳಗೆ ಹೋದರು. ಮೂಗಯ್ಯನವರು ತಮ್ಮ ಕೈಗಳನ್ನೊಮ್ಮೆ ನೋಡಿಕೊಂಡರು. ಆಮೇಲೆ ಲೋಟವನ್ನು ನನ್ನ ಕಡೆ ಸರಿಸಿದರು.

“ಕಾಪಿ ಕುಡೀರಿ ಮೇಡಮ್ಮೋರೆ,” ಅಂದರು. “ಆರೋಯ್ತದೆ.”