ಕಾಲಿಗೆ ಸಿಗದ ನೆಲ

ದಢೇಸುಗೂರಿನ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ನರ್ಸ್. ಸಿಂಧನೂರಿನ ನಮ್ಮ ಮನೆಯಿಂದ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುವ ನನ್ನ ಗಂಡ ತಮ್ಮ ಇಷ್ಟದ ದೊಡ್ಡ ಬೈಕೊಂದನ್ನು ಕೊಂಡರು. ಹಟ್ಟಿಗೆ ಅವರಿಗೆ ಬಸ್ಸಿತ್ತು; ಬೈಕನ್ನು ನನಗೇ ಬಿಟ್ಟುಹೋದರು. ಅವರು ಎತ್ತರದ ಆಳು. ನಾನು ಅವರ ಎದೆಮಟ್ಟ, ಮೈಯಲ್ಲಿ ತೂಕವೂ ಇಲ್ಲ.

ಅವರು ಕೂತರೆ ಬೈಕು ಭಾರಕ್ಕೆ ಒಂದಿಷ್ಟು ತಗ್ಗುತ್ತಿತ್ತು. ನಾನು ಕೂತರೆ ಸ್ಪ್ರಿಂಗಿಗೆ ಗೊತ್ತೇ ಆಗುತ್ತಿರಲಿಲ್ಲ. ಸೀಟು ಇದ್ದಷ್ಟೇ ಎತ್ತರದಲ್ಲಿ ನಿಂತು, ನನ್ನ ಕಾಲಿನ ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು.

"ಓಡೋ ಗಾಡಿಗೆ ಕಾಲು ಯಾಕ ಬೇಕು? ಪಿಕಪ್ ನೋಡು, ಹೆಂಗೈತಿ" ಅನ್ನುತ್ತಿದ್ದರು ಗಂಡ.

ಓಡುವಾಗ ಅದು ನಿಜ. ನನಗೆ ಭಯವಿದ್ದದ್ದು ನಿಲ್ಲಿಸುವಾಗ. ದೂರದಲ್ಲಿ ಎಮ್ಮೆ ಕಂಡರೂ ಸಾಕು, ಎಲ್ಲಿ ಕಾಲಿಡಲಿ, ಎಲ್ಲಿ ನೆಲ ಉಬ್ಬಿದೆ ಎಂದು ಕಣ್ಣು ಹುಡುಕತೊಡಗುತ್ತಿತ್ತು.

ಅವತ್ತು ಲಸಿಕೆ ಹಾಕುವ ದಿನ. ಲಸಿಕೆಯ ಡಬ್ಬಿಯನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಕಾಲುವೆ ದಂಡೆಯ ಮೇಲೆ ಹೊರಟಿದ್ದೆ. ಎದುರಿಗೆ ಭತ್ತ ಕೊಯ್ಯುವ ಮಷಿನ್ ಬಂತು, ಇಡೀ ದಾರಿ ತುಂಬಿಕೊಂಡು. ಎಡಕ್ಕೆ ಸರಿದು, ಬ್ರೇಕ್ ಹಿಡಿದು, ಎಡಗಾಲು ಇಳಿಸಿದೆ. ಅಲ್ಲಿ ದಂಡೆ ಇಳಿಜಾರಾಗಿತ್ತು. ಕಾಲು ಕೆಳಗೆ ಹೋಯಿತು, ಇನ್ನೂ ಕೆಳಗೆ ಹೋಯಿತು, ನೆಲ ಸಿಗಲಿಲ್ಲ.

ಬೈಕು ವಾಲಿತು. ಎರಡೂ ಕೈಯಲ್ಲಿ ತಡೆದೆ. ಒಂದು ಮಟ್ಟದವರೆಗೆ ಅದು ನನ್ನ ಮಾತು ಕೇಳುತ್ತದೆ, ಅದನ್ನು ದಾಟಿದರೆ ಕೇಳುವುದಿಲ್ಲ. ಕಾಲುವೆಯ ಕಡೆಗೇ ಬಿದ್ದೆವು. ಪಾದ ಬೈಕಿನಡಿ ಸಿಕ್ಕಿಕೊಂಡಿತು, ತಲೆ ಇಳಿಜಾರಿನಲ್ಲಿ ನೀರಿನ ಕಡೆಗಿತ್ತು. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ಜಿನುಗಿ ಬಟ್ಟೆಗೆ ಹರಿಯತೊಡಗಿತು. ತಡಕಾಡಿ ಕೀಲಿ ತಿರುಗಿಸಿದೆ, ಎಂಜಿನ್ ನಿಂತಿತು. ಸೆಣಸಿದರೆ ಬೈಕು ನನ್ನನ್ನೂ ಎಳೆದುಕೊಂಡು ಜಾರೀತೆಂದು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದೆ. ಕಿವಿಯ ಪಕ್ಕದಲ್ಲೇ ಕಾಲುವೆ ಹರಿಯುವ ಸದ್ದು.

"ಅಲ್ಲಾಡಬ್ಯಾಡ್ರೀ ಅಕ್ಕಾರ, ಹಿಡದೀವಿ" ಎಂದು ಮಷಿನ್ ಓಡಿಸುತ್ತಿದ್ದವನು ಜಿಗಿದು ಬಂದ. ಅವನು, ಗದ್ದೆಯಲ್ಲಿದ್ದ ಇಬ್ಬರು ಹೆಂಗಸರು ಸೇರಿ ಬೈಕು ಎತ್ತಿದರು. ಅವರಿಗೂ ಅದು ಸುಲಭವಾಗಲಿಲ್ಲ. ಒಬ್ಬಾಕೆ ನನ್ನ ಪಾದ ಒತ್ತಿ ನೋಡುತ್ತ, "ಇಂಥಾದು ನಿನಗ್ಯಾಕ ಬೇಕಿತ್ತ ಯವ್ವಾ" ಅಂದಳು.

ಮೂಳೆ ಮುರಿದಿರಲಿಲ್ಲ. ಆದರೆ ಪಾದ ವಾಸಿಯಾದ ಮೇಲೂ ನಾನು ಆ ಬೈಕಿನ ಕೀಲಿ ಮುಟ್ಟಲಿಲ್ಲ.

ಸೀಟು ಕೊಯ್ಸಿ ತಗ್ಗಿಸೋಣ ಎಂದರು ಗಂಡ. "ಸೀಟು ಕೊಯ್ದರ ತೂಕ ಕಡಿಮಿ ಆಗತೈತೇನ್ರಿ?" ಎಂದೆ. ಮುಂದಿನ ರಜೆಗೆ ಲಿಂಗಸುಗೂರಿನ ಶೋರೂಮಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದರು.

ಮಾರಾಟದವನು ಮೊದಲು ಎಂಜಿನ್ನಿನ ಶಕ್ತಿ ಹೇಳತೊಡಗಿದ. ಸೀಟು ಕೆಳಗಿರುವುದು ಬೇಕು ಎಂದಾಗ ಉದ್ದನೆಯ, ಹೊಳೆಯುವ ಬೈಕೊಂದನ್ನು ತೋರಿಸಿದ. ಕೂತೆ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿದವು. ಎಷ್ಟು ಹಾಯೆನಿಸಿತೆಂದರೆ ಅದನ್ನೇ ಒಪ್ಪಿಬಿಡುತ್ತಿದ್ದೆ. ಆದರೆ ಅಂಗಡಿಯ ಮುಂದಿನ ಸಣ್ಣ ಇಳಿಜಾರಿನಲ್ಲಿ ಹಿಂದಕ್ಕೆ, ಏರಿನ ಕಡೆಗೆ ತಳ್ಳಿ ನೋಡಿದಾಗ ಅದು ಕದಲಲಿಲ್ಲ. ಒಂದಿಷ್ಟು ವಾಲಿಸಿದೆ, ಭಾರ ತೊಡೆಗೆ ಬಂದ ಕೂಡಲೇ ಅದೇ ಹಳೆಯ ಭಯ ಬಂತು. "ಹಿಡೀರಿ, ಹಿಡೀರಿ" ಎಂದೆ. ಗಂಡ ಬಂದು ಹಿಡಿದರು. ನನ್ನ ಮುಖ ನೋಡಿದರು. ಕಾಲುವೆಯ ದಂಡೆಯಲ್ಲಿ ಏನಾಗಿತ್ತೆಂಬುದು ಅವರಿಗೆ ಅರ್ಥವಾದದ್ದು ಬಹುಶಃ ಆಗಲೇ.

"ಹಗೂರಂದು ತೋರಸ್ರಿ" ಎಂದು ಅವರೇ ಕೇಳಿದರು.

ಮೂಲೆಯಲ್ಲಿದ್ದ ಸಾದಾ ಬೈಕು. ಸೀಟಿನ ಮುಂಭಾಗ ಸಪೂರ, ಹಾಗಾಗಿ ತೊಡೆ ಅಗಲವಾಗದೆ ಕಾಲು ನೇರ ಇಳಿಯುತ್ತಿತ್ತು. ಪಾದ ಊರಿತು. ಹಿಂದಕ್ಕೆ ತಳ್ಳಿದೆ, ಬಂತು. ವಾಲಿಸಿದೆ, ಎತ್ತಿದೆ. ಇನ್ನೂ ಜಾಸ್ತಿ ವಾಲಿಸಿದೆ, ಹಲ್ಲುಕಚ್ಚಿ ಎತ್ತಿದೆ.

"ಇದು ಜಾಸ್ತಿ ಎಳಿಯಂಗಿಲ್ರಿ ಮೇಡಂ" ಎಂದ ಮಾರಾಟದವನು.

"ನನ್ನೂ ನನ್ನ ಡಬ್ಬೀನೂ ಎಳದರ ಸಾಕು" ಎಂದೆ.

ಅದನ್ನೇ ಕೊಂಡು ಊರಿಗೆ ನಾನೇ ಓಡಿಸಿಕೊಂಡು ಬಂದೆ, ಗಂಡ ಹಿಂದೆ ಮೊಣಕಾಲು ಮಡಚಿಕೊಂಡು ಕೂತಿದ್ದರು. ಮಸ್ಕಿ ಹತ್ತಿರ ಕುರಿಹಿಂಡು ಅಡ್ಡ ಬಂತು. ಕಣ್ಣು ಎಂದಿನಂತೆ ಉಬ್ಬಿದ ನೆಲ ಹುಡುಕಿತು. ನಿಲ್ಲಿಸಿದೆ. ಇಬ್ಬರ ಭಾರಕ್ಕೆ ಬೈಕು ಇನ್ನಷ್ಟು ತಗ್ಗಿತ್ತು. ಎರಡೂ ಹಿಮ್ಮಡಿ ರಸ್ತೆಗೆ ಊರಿದ್ದವು. ಗಂಡ ಕಾಲು ಇಳಿಸಲು ಹೋದರು. ಬೇಡವೆಂದೆ. ಕುರಿಗಳು ದಾಟುವವರೆಗೂ ಬೈಕನ್ನು ನಾನೊಬ್ಬಳೇ ಹಿಡಿದು ನಿಂತೆ.